‘ದಾಟು’ ಕಾದಂಬರಿಯಲ್ಲಿ ಹೇಳಲಾರದ ಮಾತು

ಅನ್ಯಜಾತಿಯ ಅಥವಾ ಅನ್ಯಮತದ ಒಬ್ಬರನ್ನು ಪ್ರೀತಿಸಿ, ಆ ಸಂಗತಿಯನ್ನು ಹೆತ್ತವರ ಮುಂದೆ ಹೇಳಲಾರದೆ ತೊಳಲುವ ಮಕ್ಕಳ ಕಥೆ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಆದರೆ ಆ ಅಂಜಿಕೆ ಎಲ್ಲಿಂದ ಹುಟ್ಟುತ್ತದೆ, ಅದರ ಬೆಲೆಯನ್ನು ಕೊನೆಗೆ ತೆರುವವರು ಯಾರು ಎಂಬುದನ್ನು ಎಸ್. ಎಲ್. ಭೈರಪ್ಪನವರ ‘ದಾಟು’ (1973) ವಿಶೇಷವಾಗಿ ಶೋಧಿಸುತ್ತದೆ. 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯನ್ನು ಜಾತಿವ್ಯವಸ್ಥೆಯ ಕಾದಂಬರಿಯೆಂದು ಓದುವುದೇ ವಾಡಿಕೆ. ಹೆತ್ತವರ ಮತ್ತು ಮಕ್ಕಳ ನಡುವಿನ ಭಯದ ಕಾದಂಬರಿಯೆಂದೂ ಅದನ್ನು ಓದಬಹುದು.

ತಿರುಮಲಾಪುರದ ದೇವಸ್ಥಾನದ ಅರ್ಚಕ ವೆಂಕಟರಮಣಯ್ಯನವರ ಮಗಳು ಸತ್ಯಭಾಮೆ. ಅದೇ ಊರಿನ ಮಂತ್ರಿ ಮೇಲಗಿರಿಗೌಡರ ಮಗ ಶ್ರೀನಿವಾಸ. ಇಬ್ಬರೂ ವಿದ್ಯಾವಂತರು, ಪರಸ್ಪರ ಮೆಚ್ಚಿದವರು. ಸತ್ಯಭಾಮೆ ತನ್ನ ನಿರ್ಧಾರವನ್ನು ತಂದೆಯೆದುರು ಮರೆಮಾಚುವುದಿಲ್ಲ. ತಂದೆಯ ಕೋಪವನ್ನೂ ಊರಿನ ಹಗೆಯನ್ನೂ ಎದುರಿಸಿ ನಿಲ್ಲುತ್ತಾಳೆ. ಶ್ರೀನಿವಾಸನಾದರೋ ಮನೆಯವರ ಒತ್ತಡಕ್ಕೆ ಮಣಿದು, ಕೊನೆಗೆ ಸ್ವಜಾತಿಯ ಹೆಣ್ಣನ್ನು ಮದುವೆಯಾಗುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲೋಕದ ಕಣ್ಣಿಗೆ ಬಲಶಾಲಿ ಶ್ರೀನಿವಾಸನೇ. ಗಂಡು, ಸಿರಿವಂತ, ಅಧಿಕಾರವಿರುವ ಮನೆಯವನು. ಆದರೂ ಅಂಜುವವನು ಅವನೇ. ತಂದೆಯ ಸ್ಥಾನಮಾನ, ಆಸ್ತಿ, ಬಂಧುಬಳಗ ಇವೆಲ್ಲವೂ ಅವನ ಕಾಲಿಗೆ ಕಟ್ಟಿದ ಗುಂಡುಗಳಾಗುತ್ತವೆ. ಕಳೆದುಕೊಳ್ಳಲು ಹೆಚ್ಚು ಇದ್ದವನ ನಾಲಗೆ ಹೆಚ್ಚು ತಡವರಿಸುತ್ತದೆ. ಓದು ಮತ್ತು ಸ್ವಂತ ದುಡಿಮೆಯ ಹೊರತು ಬೇರೆ ಆಸರೆಯಿಲ್ಲದ ಸತ್ಯಭಾಮೆ ಬಾಯಿಬಿಡಬಲ್ಲಳು.

ಮುಂದೆ ವಿಧುರನಾದ ಶ್ರೀನಿವಾಸ, ಹರಿಜನ ಮುಖಂಡ ಬೆಟ್ಟಯ್ಯನವರ ಮಗಳು ಮೀರಾಳನ್ನು ಪ್ರೀತಿಸುತ್ತಾನೆ. ಮೊದಲನೆಯ ಸಲ ಹುಡುಗಿ ‘ಮೇಲಿನ’ ಜಾತಿಯವಳು. ಈ ಸಲ ‘ಕೆಳಗಿನ’ ಜಾತಿಯವಳು. ದಿಕ್ಕು ತಿರುವುಮುರುವಾದರೂ ಅವನ ಹಿಂಜರಿಕೆ ಮಾತ್ರ ಬದಲಾಗುವುದಿಲ್ಲ. ಹಾಗಾದರೆ ಅವನ ಭಯಕ್ಕೆ ಮೇಲು ಕೀಳೆಂಬುದಲ್ಲ, ಗೆರೆಯನ್ನು ದಾಟುವುದೇ ಮೂಲವೆಂಬುದು ಈ ಪುನರಾವೃತ್ತಿಯಿಂದ ಸಿದ್ಧವಾಗುತ್ತದೆ. ಹಿಂದೆ ಸರಿದ ಶ್ರೀನಿವಾಸ ಬದುಕಿ ಉಳಿಯುತ್ತಾನೆ. ಮೀರಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಅಂಜಿದವನೊಬ್ಬ, ದಂಡ ತೆತ್ತವಳು ಇನ್ನೊಬ್ಬಳು. ಕಾದಂಬರಿಯ ಅತ್ಯಂತ ಕಠೋರವಾದ ಮಾತು ಇದೇ ಎಂದು ನನ್ನ ಅಭಿಪ್ರಾಯ.

ಹೆತ್ತವರನ್ನೂ ಭೈರಪ್ಪನವರು ಬಿಟ್ಟಿಲ್ಲ. ಮಗಳನ್ನು ಜಾತಿಯ ಹೆಸರಿನಲ್ಲಿ ತಡೆಯುವ ವೆಂಕಟರಮಣಯ್ಯನವರೇ ಹಿಂದೊಮ್ಮೆ ಮಾತಂಗಿಯೆಂಬ ದಲಿತ ಸ್ತ್ರೀಯ ಸಂಬಂಧ ಹೊಂದಿದ್ದವರು. ಮಗಳು ಬಹಿರಂಗವಾಗಿ ಕೇಳಿದ್ದನ್ನು ತಂದೆ ಗುಟ್ಟಾಗಿ ಮಾಡಿದ್ದರು. ಆದ್ದರಿಂದಲೇ ಅವರ ಕೋಪದೊಳಗೆ ಪಶ್ಚಾತ್ತಾಪದ ಬೇಗೆಯೂ ಬೆರೆತಿದೆ. ಸಮಾಜ ಗುಟ್ಟಿನ ಸಂಬಂಧವನ್ನು ಸಹಿಸುತ್ತದೆ, ಮದುವೆಯನ್ನು ಸಹಿಸುವುದಿಲ್ಲ ಎಂಬ ವ್ಯಂಗ್ಯ ಇಲ್ಲಿ ಉಪದೇಶವಿಲ್ಲದೆಯೇ ಮೂಡಿದೆ.

ಕೃತಿಗೆ ಒಂದು ಕೊರತೆಯೂ ಉಂಟು. ಸತ್ಯಭಾಮೆಯ ವಿಚಾರಗಳಿಗೆ ದೊರೆತ ವಿಸ್ತಾರ ಮೀರಾಳ ಅಂತರಂಗಕ್ಕೆ ದೊರೆತಿಲ್ಲ. ಅತ್ಯಧಿಕ ಬೆಲೆ ತೆತ್ತವಳ ದನಿಯೇ ನಮಗೆ ಅತ್ಯಲ್ಪವಾಗಿ ಕೇಳಿಸುತ್ತದೆ.

ಇದರ ಪಕ್ಕದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಇಟ್ಟು ನೋಡಬೇಕು. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಗುರುವ, ಅಲ್ಲಿ ಕ್ರೈಸ್ತ ಹುಡುಗಿಯೊಬ್ಬಳನ್ನು ಮೆಚ್ಚಿ, ಅವಳ ಮತಕ್ಕೆ ಸೇರಿ, ಅಲ್ಲಿಯೇ ಉಳಿದುಬಿಡುತ್ತಾನೆ. ಶ್ರೀನಿವಾಸ ಮನೆಯಲ್ಲಿದ್ದು ಪ್ರೀತಿಯನ್ನು ಬಿಟ್ಟ. ಗುರುವ ಪ್ರೀತಿಯನ್ನು ಹಿಡಿದು ಮನೆಯನ್ನು ಬಿಟ್ಟ. ಹೇಳಿ ಒಪ್ಪಿಸುವ ಮೂರನೆಯ ದಾರಿ ಇಬ್ಬರಿಗೂ ಕಾಣಲಿಲ್ಲ. ಎಲ್ಲರೂ ಅಸ್ಪೃಶ್ಯನೆಂದು ದೂರವಿಟ್ಟ ಚೋಮನಿಗೂ ಮಗನ ಮತಾಂತರ ದೊಡ್ಡ ಆಘಾತವೇ.

ಗುರುವನ ಕಥೆ ಗೋವಾದ ಕನ್ನಡಿಗರಿಗೆ ಹತ್ತಿರದ್ದು. ನಮ್ಮವರೂ ದುಡಿಮೆಗಾಗಿ ಊರು ಬಿಟ್ಟು ಬಂದವರು. ನಮ್ಮ ಮಕ್ಕಳು ವಾಸ್ಕೋ, ಮಡಗಾಂವಗಳ ಶಾಲೆಗಳಲ್ಲಿ ಕ್ರೈಸ್ತ, ಹಿಂದೂ, ಮುಸಲ್ಮಾನ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಬೆಳೆದವರು. ಪೋರ್ಚುಗೀಸರ ಕಾಲದಿಂದ ಉಳಿದುಬಂದಿರುವ ಇಲ್ಲಿಯ ಪೌರಸಂಹಿತೆ ಮದುವೆಯ ನೋಂದಣಿಗೆ ಮತಾಂತರವನ್ನು ಕೇಳುವುದಿಲ್ಲ. ಕಾನೂನಿನ ಬಾಗಿಲು ತೆರೆದಿದ್ದರೂ ಮಕ್ಕಳು ಮನೆಯ ಬಾಗಿಲಲ್ಲಿ ತಡೆದು ನಿಲ್ಲುತ್ತಾರೆ. ಒಳಗೆ ಕುಳಿತವರ ಮೊದಲ ಮಾತು ಏನಾಗಿರುತ್ತದೆಂಬ ಲೆಕ್ಕಾಚಾರವೇ ಆ ಮೌನ. ನೆರೆಯವರ ಮಗಳ ಮದುವೆಯ ಸುದ್ದಿ ಬಂದಾಗ ಊಟದ ಹೊತ್ತಿನಲ್ಲಿ ನಾವು ಆಡಿದ ಮಾತುಗಳಿಂದಲೇ ಮಕ್ಕಳು ಆ ಲೆಕ್ಕವನ್ನು ಹಾಕಿರುತ್ತಾರೆ. ‘ದಾಟು’ವನ್ನು ಮತ್ತೆ ಓದುವ ತಂದೆತಾಯಿಗಳು ಶ್ರೀನಿವಾಸನನ್ನು ಹೇಡಿಯೆಂದು ಹಳಿಯುವ ಮೊದಲು, ಅವನ ಹೇಡಿತನ ಯಾರ ಮನೆಯಲ್ಲಿ ಬೆಳೆಯಿತೆಂದು ಕೇಳಿಕೊಳ್ಳುವುದು ಒಳಿತು.