ಒಡವೆಯ ಬೆನ್ನು ನೋಡಿ, ಆಮೇಲೆ ನೀರಿಗೆ ಹಾಕಿ

ಬಳ್ಳಾರಿಯ ಗಾಂಧಿನಗರದಲ್ಲಿ ಹಬ್ಬ ಹತ್ತಿರವಾಯಿತೆಂದರೆ ನಮ್ಮ ಅಡುಗೆಮನೆಯಲ್ಲಿ ಅಂಟುವಾಳಕಾಯಿ ನೆನೆಯಲು ಶುರುವಾಗುತ್ತದೆ. ಬೀರುವಿನಿಂದ ತೆಗೆದ ಸರ, ಬಳೆ, ಓಲೆ ಎಲ್ಲವೂ ಒಂದೇ ಪಾತ್ರೆಗೆ ಬೀಳುತ್ತವೆ. ಈ ಪದ್ಧತಿ ಅರ್ಧ ಸರಿ, ಅರ್ಧ ತಪ್ಪು.

ಸರಿಯಾದ ಅರ್ಧವನ್ನು ಮೊದಲು ನೋಡೋಣ. 22 ಕ್ಯಾರಟ್ ಚಿನ್ನದಲ್ಲಿ ನೂರಕ್ಕೆ 91.6 ಭಾಗ ಬಂಗಾರ, ಉಳಿದದ್ದು ಹೆಚ್ಚಾಗಿ ತಾಮ್ರ ಮತ್ತು ಬೆಳ್ಳಿ. ದಿನವೂ ಹಾಕುವ ಸರ ಮಂಕಾಗಿದ್ದರೆ ಅದಕ್ಕೆ ಬಹುಪಾಲು ಕಾರಣ ಚಿನ್ನವಲ್ಲ. ಅದರ ಮೇಲೆ ಕೂತ ಎಣ್ಣೆ, ಬೆವರು, ಅರಿಶಿನ, ಸಾಬೂನಿನ ಜಿಡ್ಡು, ನಮ್ಮೂರ ಧೂಳು. ಜಿಡ್ಡು ಬಿಡಿಸುವುದರಲ್ಲಿ ಅಂಟುವಾಳದ ನೊರೆ ನಿಜವಾಗಿಯೂ ಸಮರ್ಥ, ಚಿನ್ನವನ್ನು ಸವೆಸುವುದೂ ಇಲ್ಲ. ನಾಲ್ಕೈದು ಕಾಯಿಯ ಬೀಜ ತೆಗೆದು ಎರಡು ಲೋಟ ನೀರಿನಲ್ಲಿ ರಾತ್ರಿ ನೆನೆಸಿ, ಕಿವುಚಿ, ಸೋಸಿಕೊಂಡರೆ ಸಾಕು. ಕಲ್ಲಿಲ್ಲದ ಗಟ್ಟಿ ಸರ, ಬಳೆಗಳನ್ನು ಉಗುರು ಬೆಚ್ಚಗಿನ ಆ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಮಕ್ಕಳ ಮೆತ್ತನೆಯ ಬ್ರಷ್‌ನಿಂದ ಕೊಂಡಿಗಳ ನಡುವೆ ಆಡಿಸಿದರೆ ಕೊಳೆ ಕರಗಿ ಬರುತ್ತದೆ.

ತಪ್ಪಾದ ಅರ್ಧ ಯಾವುದೆಂದು ನನಗೆ ಕಲಿಸಿದ್ದು ಅಮ್ಮನ ಕೆಂಪಿನ ಓಲೆ. ಏಳು ಕೆಂಪು, ಕೆಳಗೊಂದು ಮುತ್ತು. ಒಂದು ದೀಪಾವಳಿಗೆ ಅದನ್ನು ಹುಣಸೆಹಣ್ಣು ಸೇರಿಸಿದ ಅಂಟುವಾಳದ ನೀರಿನಲ್ಲಿ ಕುದಿಸಿದೆವು. ಚಿನ್ನ ಹೊಳೆಯಿತು. ಆದರೆ ಎರಡು ಕಲ್ಲು ಕಪ್ಪಿಟ್ಟವು, ಒಂದು ಅಲ್ಲಾಡತೊಡಗಿತು, ಮುತ್ತು ಸುಣ್ಣ ಬಳಿದಂತೆ ಪೇಲವವಾಯಿತು.

ಅಕ್ಕಸಾಲಿಗರು ಓಲೆಯನ್ನು ತಿರುಗಿಸಿ ಹಿಂಭಾಗ ತೋರಿಸಿದರು. ಬೆನ್ನು ಪೂರ್ತಿ ಮುಚ್ಚಿತ್ತು. ಇಂಥ ಹಳೆಯ ಕೆಲಸದಲ್ಲಿ ಕಲ್ಲಿನ ಕೆಳಗೆ ಹೊಳಪಿನ ತೆಳು ತಗಡು, ಅದರ ಕೆಳಗೆ ಅರಗು ಇರುತ್ತದೆ. ಕಲ್ಲಿನ ಕೆಂಪು ಅಷ್ಟು ಉಜ್ವಲವಾಗಿ ಕಾಣುವುದು ಆ ತಗಡು ಬೆಳಕನ್ನು ಹಿಂದಕ್ಕೆ ತಳ್ಳುವುದರಿಂದ. ಅಂಚಿನ ಸಂದಿಯಿಂದ ಒಳಹೋದ ನೀರು ತಗಡನ್ನು ಕಪ್ಪಾಗಿಸಿತ್ತು, ಬಿಸಿಗೆ ಅರಗು ಮೆತ್ತಗಾಗಿ ಕಲ್ಲಿನ ಹಿಡಿತ ಸಡಿಲಿತ್ತು. ಕಲ್ಲಿಗೆ ಏನೂ ಆಗಿರಲಿಲ್ಲ. ಹೊಸ ತಗಡು, ಅರಗು ಹಾಕಿ ಮತ್ತೆ ಕೂರಿಸಿದಾಗ ಸರಿಯಾಯಿತು. ಮುತ್ತು ಮಾತ್ರ ಸರಿಯಾಗಲಿಲ್ಲ. ಮುತ್ತು, ಹವಳ ಎರಡೂ ಸುಣ್ಣದ ಜಾತಿಯವು. ಹುಣಸೆ, ನಿಂಬೆಯ ಹುಳಿ ಅವುಗಳ ಮೈಯನ್ನೇ ತಿನ್ನುತ್ತದೆ, ತಿಂದದ್ದು ಮರಳಿ ಬರುವುದಿಲ್ಲ. ಅಂಟುವಾಳದ ನೀರಿನಲ್ಲೂ ಸ್ವಲ್ಪ ಹುಳಿಯಿದೆ, ಆದ್ದರಿಂದ ಅದೂ ಇವಕ್ಕೆ ಬೇಡ. ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಹರಡಿ ಆರಿಸಬೇಕು. ಬೆನ್ನು ಮುಚ್ಚಿದ ಓಲೆಗೂ, ಅರಗು ತುಂಬಿದ ಗುಂಡಿನ ಸರಕ್ಕೂ ಇದೇ ಉಪಚಾರ. ಧೂಳಿದ್ದರೆ ಮೊದಲು ಮೆತ್ತನೆಯ ಕುಂಚದಿಂದ ಉದುರಿಸಿ; ಒಣಬಟ್ಟೆಯಿಂದ ಉಜ್ಜಿದರೆ ಧೂಳಿನ ಮರಳು ಮುತ್ತಿಗೆ ಗೀರು ಹಾಕುತ್ತದೆ.

ಬೆನ್ನು ತೆರೆದಿರುವ ವಜ್ರದ ಉಂಗುರದ ಕಥೆ ಬೇರೆ. ಬೆರಳಿನ ಎಣ್ಣೆ ವಜ್ರಕ್ಕೆ ಬೇಗ ಅಂಟುತ್ತದೆ, ಕೊಳೆ ಕೂರುವುದು ಹಿಂಬದಿಯ ರಂಧ್ರದಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್‌ನ ಎರಡು ಹನಿ ಹಾಕಿದ ಬೆಚ್ಚನೆ ನೀರಿನಲ್ಲಿ ನೆನೆಸಿ, ಬ್ರಷ್ಷನ್ನು ಹಿಂಬದಿಯಿಂದ ಆಡಿಸಿ. ಪಚ್ಚೆ ಕಲ್ಲಿದ್ದರೆ ಬೆಚ್ಚನೆ ನೀರೂ ಬೇಡ, ನೆನೆಸುವುದೂ ಬೇಡ. ಪಚ್ಚೆಯ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ. ಎಣ್ಣೆ ಹೊರಬಂದರೆ ಬಿರುಕು ಎದ್ದು ಕಾಣುತ್ತದೆ.

ಟೂತ್‌ಪೇಸ್ಟಿನ ಬಗ್ಗೆ ನನ್ನ ತೀರ್ಪು ಕಠಿಣ. ಅದರಲ್ಲಿರುವ ನುಣ್ಣನೆ ಪುಡಿ ಹಲ್ಲಿಗಾಗಿ ಮಾಡಿದ್ದು. ಚಿನ್ನ ಹಲ್ಲಿಗಿಂತ ಮೆತ್ತಗೆ. ಆ ದಿನ ಕಾಣುವ ಹೊಳಪಿನ ಜೊತೆಗೆ ಸಣ್ಣ ಗೀರುಗಳೂ ಬೀಳುತ್ತವೆ, ಕಲ್ಲನ್ನು ಹಿಡಿದ ಚಿನ್ನದ ಉಗುರುಗಳು ವರ್ಷವರ್ಷಕ್ಕೂ ಸವೆಯುತ್ತವೆ.

ತೊಳೆಯುವ ಮುನ್ನ ಇನ್ನೊಂದು ಪರೀಕ್ಷೆ ಇದೆ. ಒಡವೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿಂದ ಮೆಲ್ಲಗೆ ತಟ್ಟಿ. ಗಲಗಲ ಸದ್ದು ಬಂದರೆ ಕಲ್ಲು ಸಡಿಲವಾಗಿದೆ ಎಂದರ್ಥ. ಹತ್ತಿನೂಲು ಉಗುರಿಗೆ ಸಿಕ್ಕಿಕೊಂಡರೆ ಆ ಉಗುರು ಎದ್ದಿದೆ. ಎಷ್ಟೋ ಸಲ ಸಡಿಲ ಕಲ್ಲನ್ನು ಹಿಡಿದಿಟ್ಟಿರುವುದು ಕೊಳೆಯೇ. ತೊಳೆದಾಗ ಅದು ಉದುರುತ್ತದೆ. ಹಾಗಾಗಿ ನಲ್ಲಿಯ ಕೆಳಗೆ ತೊಳೆಯಬೇಡಿ, ಬಟ್ಟಲಿನಲ್ಲಿ ತೊಳೆಯಿರಿ. ಕೊನೆಯ ನೀರು ಫಿಲ್ಟರಿನದ್ದಾಗಿರಲಿ, ಬೋರ್‌ವೆಲ್ಲಿನ ಗಡಸು ನೀರು ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಬಟ್ಟಲಿನ ನೀರನ್ನು ಸೋಸಿ ನೋಡಿದ ಮೇಲೆಯೇ ಚೆಲ್ಲಿ.

ಅಂಟುವಾಳ ಒಳ್ಳೆಯದೇ. ಎಲ್ಲ ಒಡವೆಗೂ ಒಂದೇ ಪಾತ್ರೆ ಎಂಬ ಅಭ್ಯಾಸ ಕೆಟ್ಟದ್ದು. ಈ ಹಬ್ಬಕ್ಕೆ ಓಲೆ ಹೊರತೆಗೆದಾಗ ಮೊದಲು ತಿರುಗಿಸಿ ನೋಡಿ. ಬೆನ್ನು ಮುಚ್ಚಿದ್ದರೆ ನೀರಿಗೆ ಹಾಕಬೇಡಿ.