ಲೆಕ್ಕ ಒಂದೇ, ತುಂಡು ಇಪ್ಪತ್ತು

ಈ ವಾರ ಲೈಟ್ನಿಂಗ್ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಕಾಯಲಿ. ದಢೇಸುಗೂರಿನ ಓದುಗರೊಬ್ಬರು ಕೇಳಿರುವ ಪ್ರಶ್ನೆ ಅದಕ್ಕಿಂತ ತುರ್ತಿನದು. ಅವರು ವಾರವಾರವೂ ಎಕ್ಸ್‌ಚೇಂಜಿನಲ್ಲಿ ಅಷ್ಟಿಷ್ಟು ಬಿಟ್‌ಕಾಯಿನ್ ಕೊಂಡು ಸ್ವಂತ ವಾಲೆಟ್ಟಿಗೆ ಹಾಕಿಕೊಂಡಿದ್ದಾರೆ. ಒಟ್ಟು 1,00,000 ಸತೋಶಿ. ಕಳಿಸಲು ಹೋದರೆ ಶುಲ್ಕವೇ ಸುಮಾರು 70,000 ತೋರಿಸುತ್ತಿದೆ. "ಇದೇನ್ ಲೂಟಿರೀ ಸರ್?" ಎಂದು ಕೇಳಿದ್ದಾರೆ.

ಲೂಟಿಯಲ್ಲ. ವಾಲೆಟ್ ತೋರಿಸುವ ಆ ಒಂದು ಲಕ್ಷ ಎಂಬ ಮೊತ್ತ ಬಿಟ್‌ಕಾಯಿನ್ ಜಾಲದಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಅಲ್ಲಿರುವುದು ತಲಾ 5,000 ಸತೋಶಿಯ ಇಪ್ಪತ್ತು ಖರ್ಚಾಗದ ಔಟ್‌ಪುಟ್‌ಗಳು, ಅಂದರೆ ಯುಟಿಎಕ್ಸ್‌ಒ ತುಂಡುಗಳು. ಇವು ಬಾಯಿ ಹೊಲಿದ ಭತ್ತದ ಚೀಲಗಳಿದ್ದಂತೆ. ಅರ್ಧ ಚೀಲ ಕೊಡಬೇಕಾದರೂ ಇಡೀ ಚೀಲ ಬಿಚ್ಚಿ, ಕೊಡುವುದನ್ನು ಒಂದು ಹೊಸ ಚೀಲಕ್ಕೆ, ಉಳಿದದ್ದನ್ನು ನಿಮ್ಮದೇ ಇನ್ನೊಂದಕ್ಕೆ ತುಂಬಬೇಕು. ಹಳೆಯದು ಅಲ್ಲಿಗೆ ಮುಗಿಯಿತು, ಮತ್ತೆ ಖರ್ಚಾಗದು.

ಶುಲ್ಕ ಬೀಳುವುದು ಮೊತ್ತದ ಮೇಲಲ್ಲ, ವ್ಯವಹಾರದ ಗಾತ್ರದ ಮೇಲೆ. ಈಗಿನ ಸೆಗ್‌ವಿಟ್ ವಿಳಾಸದ ಒಂದು ಇನ್‌ಪುಟ್ಟಿಗೆ ಸುಮಾರು 68 ವರ್ಚುವಲ್ ಬೈಟ್ ಹಿಡಿಯುತ್ತದೆ. ಇಪ್ಪತ್ತಕ್ಕೆ 1,360. ಒಂದು ಔಟ್‌ಪುಟ್ಟನ್ನೂ ಉಳಿದ ಸಣ್ಣಪುಟ್ಟ ಬೈಟ್‌ಗಳನ್ನೂ ಸೇರಿಸಿದರೆ ಸುಮಾರು 1,402. ಬೈಟಿಗೆ 50 ಸತೋಶಿ ದರವಿದ್ದ ದಿನ ಇದಕ್ಕೆ 70,100 ಸತೋಶಿ. ದರ 74 ಮುಟ್ಟಿದರೆ ಒಂದು ತುಂಡನ್ನು ಖರ್ಚು ಮಾಡಲು ಆ ತುಂಡಿಗಿಂತ ಹೆಚ್ಚು ಕೊಡಬೇಕು. ದರ 2 ಇರುವಾಗ ಇದೇ ಕೆಲಸ 2,804ಕ್ಕೆ ಮುಗಿಯುತ್ತದೆ.

ಎಥೀರಿಯಂ ಪಕ್ಷದವರು ಇಲ್ಲಿ ತಮ್ಮ ಖಾತೆ ಪದ್ಧತಿಯನ್ನು ಮುಂದಿಡುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಅಲ್ಲಿ ವಿಳಾಸದ ಮುಂದೆ ಒಂದೇ ಶಿಲ್ಕು. ಇಪ್ಪತ್ತು ಸಲ ಬಂದಿರಲಿ, ಒಂದೇ ಸಲ ಬಂದಿರಲಿ, ಸಾದಾ ಈಥರ್ ವರ್ಗಾವಣೆಗೆ 21,000 ಗ್ಯಾಸ್ ಅಷ್ಟೆ. ಆದರೆ ಅದೇ ಸಹಿಯನ್ನು ಎರಡು ಸಲ ಬಳಸಿ ಹಣ ಎಳೆಯದಂತೆ ಪ್ರತಿ ಖಾತೆಗೂ ನಾನ್ಸ್ ಎಂಬ ಸರಣಿ ಸಂಖ್ಯೆ ಬೇಕಾಯಿತು. ಕಡಿಮೆ ಶುಲ್ಕ ಹಾಕಿದ 7ನೆಯ ವ್ಯವಹಾರ ಸಿಕ್ಕಿಬಿದ್ದರೆ 8, 9, 10 ಎಲ್ಲವೂ ಅದರ ಹಿಂದೆಯೇ ನಿಲ್ಲುತ್ತವೆ. ಬಿಟ್‌ಕಾಯಿನ್‌ನಲ್ಲಿ ಬೇರೆ ಬೇರೆ ತುಂಡುಗಳಿಂದ ಮಾಡಿದ ಪಾವತಿಗಳು ಒಂದನ್ನೊಂದು ಕಾಯುವುದಿಲ್ಲ. ಕೊಡುತ್ತಿರುವ ತುಂಡು ಖರ್ಚಾಗದವುಗಳ ಪಟ್ಟಿಯಲ್ಲಿ ಇದೆಯೇ, ಸಹಿ ಸರಿಯೇ ಎಂದು ನೋಡಿದರೆ ಮುಖ್ಯ ಪರೀಕ್ಷೆ ಮುಗಿಯಿತು. ನನ್ನ ಒಲವು ಈ ಪದ್ಧತಿಯ ಕಡೆಗೇ.

ಇನ್ನು ಪರಿಹಾರ. ಎಕ್ಸ್‌ಚೇಂಜಿನೊಳಗಿನ ನಿಮ್ಮ ಲೆಕ್ಕ ಅವರ ಪುಸ್ತಕದ ಬರೀ ಖಾತೆ. ಹೊರಗೆ ತೆಗೆದಾಗಲೇ ತುಂಡು ಹುಟ್ಟುವುದು. ಹಾಗಾಗಿ ಎಕ್ಸ್‌ಚೇಂಜನ್ನು ನಂಬಿ ಇಡುವಷ್ಟು ದಿನ ಇಟ್ಟು, ದೊಡ್ಡ ಮೊತ್ತವಾಗಿಯೇ ತೆಗೆಯಿರಿ. ಈಗಾಗಲೇ ಇರುವ ಇಪ್ಪತ್ತನ್ನು ದರ ಇಳಿದ ದಿನ ನಿಮಗೇ ಕಳಿಸಿಕೊಂಡು ಒಂದು ಮಾಡಿ. ಒಂದು ಎಚ್ಚರಿಕೆ: ಹಾಗೆ ಕೂಡಿಸಿದರೆ ಇಪ್ಪತ್ತೂ ಒಬ್ಬರವೇ ಎಂದು ನೋಡಿದವರು ಊಹಿಸಬಲ್ಲರು. ಯಾರಿಗೂ ಗೊತ್ತಾಗಬಾರದ ತುಂಡು ಅವುಗಳಲ್ಲಿದ್ದರೆ, ವಾಲೆಟ್ಟಿನ ಕಾಯಿನ್ ಕಂಟ್ರೋಲ್‌ನಲ್ಲಿ ಅದನ್ನು ಬೇರೆಯಿಡಿ.