ಅರ್ಜಿಯೊಳಗಿನ ‘ನಾನು’

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗರು ಸಕ್ಕರೆ ಕಾರ್ಖಾನೆಗೋ ಸಹಕಾರಿ ಸಂಘಕ್ಕೋ ಬರೆಯುವ ಅರ್ಜಿಯ ಒಂದು ಮಾದರಿ ಹೀಗಿರುತ್ತದೆ:

‘ನಾನು ಜಮಖಂಡಿಯಲ್ಲಿ ಬಿ.ಕಾಂ. ಮುಗಿಸಿದ್ದೇನೆ. ನಾನು ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರಲ್ಲಿ ಎರಡು ವರ್ಷ ಲೆಕ್ಕ ಬರೆದಿದ್ದೇನೆ. ನಾನು ನೂಲಿನ ದಾಸ್ತಾನು ನೋಡಿಕೊಂಡಿದ್ದೇನೆ. ನಾನು ಟ್ಯಾಲಿ ಬಲ್ಲೆ.’

ಪ್ರತಿ ಸಾಲೂ ‘ನಾನು’ ಎಂದೇ ಶುರು. ಫ್ರೆಂಚ್‌ನಲ್ಲಿ ಬರೆಯುವವರಿಗೆ ಈ ಕಾಟ ನಿಜವಾದದ್ದು. ಅಲ್ಲಿ ಕ್ರಿಯಾಪದದ ಮುಂದೆ ‘ನಾನು’ ಎಂಬರ್ಥದ ‘ಜ’ ಬಿಡುವಂತಿಲ್ಲ, ಹಾಗಾಗಿ ವಾಕ್ಯದ ತಲೆಯನ್ನೇ ಬದಲಿಸಬೇಕು. ಕನ್ನಡಕ್ಕೆ ಆ ಕಟ್ಟು ಇಲ್ಲ. ‘ಬರೆದಿದ್ದೇನೆ’ ಎಂದಾಗಲೇ ಬರೆದವರು ಯಾರೆಂದು ಬಾಲ ಹೇಳುತ್ತದೆ. ಮಾತಿನಲ್ಲಿ ‘ಎರಡು ವರ್ಷ ಲೆಕ್ಕ ಬರದೇನ್ರಿ’ ಎನ್ನುವ ಹುಡುಗ ಕಾಗದದ ಮೇಲೆ ಮಾತ್ರ ‘ನಾನು’ ಪೋಣಿಸುತ್ತಾನೆ. ಇಂಗ್ಲಿಷ್ ಮಾದರಿಗಳನ್ನು ನೋಡಿ ಬರೆದ ಗುರುತು ಇದಿರಬಹುದು.

ಇದನ್ನು ತಿದ್ದಲು ಹೊರಟವರು ಸಾಮಾನ್ಯವಾಗಿ ಇನ್ನೊಂದು ಗುಂಡಿಗೆ ಬೀಳುತ್ತಾರೆ: ‘ಪದವಿ ಮುಗಿಸಲಾಗಿದೆ, ಲೆಕ್ಕ ಬರೆಯಲಾಗಿದೆ, ದಾಸ್ತಾನು ನಿರ್ವಹಿಸಲಾಗಿದೆ.’ ಕಚೇರಿಯ ಗತ್ತು ಬಂತು, ಆದರೆ ಬರೆದವರು ಯಾರು? ಅರ್ಜಿ ಓದುವ ಮ್ಯಾನೇಜರಿಗೆ ಬೇಕಾದದ್ದು ಅದೊಂದೇ. ‘ನಾನು’ ತೆಗೆದು ಪ್ರತಿ ಸಾಲಿಗೂ ‘ನನಗೆ’ ಹಚ್ಚುವುದೂ ಹಳೆಯ ಸಾಲಿಗೆ ಹೊಸ ಅಂಗಿ ತೊಡಿಸಿದಂತೆ.

ನನಗೆ ಸರಿ ಕಂಡ ತಿದ್ದುಪಡಿ ಹೀಗೆ:

‘ಜಮಖಂಡಿಯಲ್ಲಿ ಬಿ.ಕಾಂ. ಮುಗಿಸಿ, ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರಲ್ಲಿ ಎರಡು ವರ್ಷ ಲೆಕ್ಕ ಬರೆದಿದ್ದೇನೆ. ನೇಕಾರರಿಗೆ ಕೊಟ್ಟ ನೂಲು, ಅವರಿಂದ ಬಂದ ಸೀರೆ, ಎರಡನ್ನೂ ತಾಳೆ ನೋಡುವ ಕೆಲಸ ನನ್ನದಾಗಿತ್ತು. ವರ್ಷದ ಕೊನೆಯ ದಾಸ್ತಾನು ಪಟ್ಟಿಯನ್ನು ಟ್ಯಾಲಿಯಲ್ಲಿ ತಯಾರಿಸಿದವನು ನಾನೇ.’

ಮೊದಲ ಸಾಲಿನಲ್ಲಿ ‘ಮುಗಿಸಿ’ ಎಂಬ ಕೊಂಡಿ ಎರಡು ವಾಕ್ಯಗಳನ್ನು ಒಂದಾಗಿಸಿತು. ಎರಡನೆಯದರಲ್ಲಿ ನೂಲು, ಸೀರೆ ಮುಂದೆ ಬಂದವು, ಬರೆದವನು ಹಿಂದೆ ಸರಿದ. ಮೂರನೆಯದರಲ್ಲಿ ‘ನಾನು’ ಬೇಕೆಂದೇ ಉಳಿಯಿತು, ಹೊಣೆ ಯಾರದೆಂದು ಹೇಳುವ ಜಾಗ ಅದು. ಮೊದಲಿನ ಅರ್ಜಿಯಲ್ಲಿ ಇಲ್ಲದ, ನೂಲು-ಸೀರೆ ತಾಳೆ ನೋಡಿದ ವಿವರವೂ ಸೇರಿತು. ‘ನಾನು’ ಬಿಟ್ಟಾಗ ವಾಕ್ಯಕ್ಕೆ ಬೇರೆ ತಲೆ ಹುಡುಕಬೇಕಾಗುತ್ತದೆ, ಹುಡುಕಿದಾಗ ಸಿಗುವುದು ಮಾಡಿದ ಕೆಲಸವೇ.

ಕೊಂಡಿಗೂ ಮಿತಿ ಇದೆ. ‘ಮುಗಿಸಿ, ಸೇರಿ, ಕಲಿತು, ಬಿಟ್ಟು, ಬಂದು’ ಎಂದು ಐದಾರು ಕೂಡಿದರೆ ಯಾವುದು ಯಾವಾಗ ಆಯಿತೆಂದೇ ತಿಳಿಯದು. ಎರಡು ಸಾಕು. ‘ಅಪ್ಪ ತೀರಿಹೋಗಿ, ಅಂಗಡಿ ನಡೆಸಿದ್ದೇನೆ’ ಎಂದು ಬರೆದರೆ ಸಾಲು ಎಡವುತ್ತದೆ, ತೀರಿಹೋದವರು ಬೇರೆ, ನಡೆಸಿದವರು ಬೇರೆ. ‘ತೀರಿಹೋದ ಮೇಲೆ’ ಎನ್ನಬೇಕು.

ಇನ್ನೊಂದು ಸೂಕ್ಷ್ಮ. ‘ನಾನು’ ಬಿಟ್ಟು ‘ದಾಸ್ತಾನು ಪರಿಶೀಲನೆ ಮಾಡಿದೆ’ ಎಂದು ಬರೆದರೆ, ನಾನು ಮಾಡಿದೆನೋ, ಸಂಸ್ಥೆ ಮಾಡಿದೆಯೋ? ಎರಡೂ ಓದು ಸಾಧ್ಯ. ಅಲ್ಲಿ ‘ಮಾಡಿದ್ದೇನೆ’ ಎಂದೇ ಬರೆಯಬೇಕು.